ಫೋನ್‌ನಲ್ಲಿ ‘ಎಸ್’ ಅಂದರೆ ‘ಎಫ್’ ಎಂದು ಕೇಳುವುದೇಕೆ? ಉತ್ತರ ಇರುವುದು ಕೊನೆಯಿಲ್ಲದ ಒಂದು ಬಾಚಣಿಗೆಯಲ್ಲಿ

ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಪ್ಯಾನ್ ನಂಬರ್ ಹೇಳಿದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ನೀವು ‘ಎಸ್’ ಅನ್ನುತ್ತೀರಿ, ಆ ಕಡೆಯವರು ‘ಎಫ್ ಫಾರ್ ಫಾದರ್?’ ಎಂದು ಕೇಳುತ್ತಾರೆ. ‘ಅಲ್ಲ, ಎಸ್ ಫಾರ್ ಸನ್’ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಇದಕ್ಕೆ ನಿಮ್ಮ ಉಚ್ಚಾರಣೆ ಕಾರಣವಲ್ಲ, ಅವರ ಕಿವಿಯೂ ಕಾರಣವಲ್ಲ. ‘ಸ’ ಎಂಬ ಸದ್ದನ್ನು ‘ಸ’ ಎಂದು ಗುರುತಿಸಲು ಬೇಕಾದ ಭಾಗವನ್ನು ಹಳೆಯ ಮಾದರಿಯ ದೂರವಾಣಿ ಜಾಲ ದಾರಿಯಲ್ಲೇ ಕತ್ತರಿಸಿ ಎಸೆದಿರುತ್ತದೆ.

ಯಾವುದೇ ಸದ್ದನ್ನು ಬೇರೆ ಬೇರೆ ವೇಗದಲ್ಲಿ ಕಂಪಿಸುವ ಶುದ್ಧ ಅಲೆಗಳ ಮೊತ್ತವೆಂದು ನೋಡಬಹುದು. ಸೆಕೆಂಡಿಗೆ ಎಷ್ಟು ಕಂಪನ ಎಂಬುದೇ ಫ್ರೀಕ್ವೆನ್ಸಿ, ಅದರ ಅಳತೆ ಹರ್ಟ್ಜ್. ‘ಆ’, ‘ಓ’ ಮುಂತಾದ ಸ್ವರಗಳ ಬಹುಪಾಲು ಶಕ್ತಿ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿರುತ್ತದೆ. ‘ಸ’ ಹಾಗಲ್ಲ. ಹಲ್ಲುಗಳ ಸಂದಿಯಿಂದ ನುಗ್ಗುವ ಗಾಳಿಯ ಆ ಸದ್ದಿನ ಹೆಚ್ಚಿನ ಶಕ್ತಿ 4000 ಹರ್ಟ್ಜ್‌ಗಿಂತ ಮೇಲಿರುತ್ತದೆ. ದೂರವಾಣಿ ಜಾಲವಾದರೋ ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮೈಕ್ ಉಳಿದದ್ದನ್ನೂ ಕೇಳಿಸಿಕೊಂಡಿರುತ್ತದೆ. ಆದರೂ ಬೇಕೆಂದೇ ಅದನ್ನು ಬಿಟ್ಟುಬಿಡುತ್ತಾರೆ.

ಬಿಡದಿದ್ದರೆ ಏನಾಗುತ್ತಿತ್ತು? ಆ ಭಾಗ ಸುಮ್ಮನೆ ಕಾಣೆಯಾಗುತ್ತಿರಲಿಲ್ಲ. ವೇಷ ಬದಲಿಸಿಕೊಂಡು ಬಂದು ಉಳಿದ ಮಾತನ್ನೂ ಕೆಡಿಸುತ್ತಿತ್ತು. ಹೇಗೆ ಎಂದು ತಿಳಿಯಲು ಎಂಜಿನಿಯರಿಂಗ್ ವಿದ್ಯಾರ್ಥಿಗಳು ‘ಇಂಪಲ್ಸ್ ಬಾಚಣಿಗೆ’ ಎಂದು ಕರೆಯುವ ವಿಚಿತ್ರ ವಸ್ತುವೊಂದರ ಪರಿಚಯ ಬೇಕು.

ಅಳೆಯುವುದು ಎಂದರೆ ಗುಣಿಸುವುದು

ಡಿಜಿಟಲ್ ದೂರವಾಣಿಯಲ್ಲಿ ನಿಮ್ಮ ದನಿಯ ಅಲೆ ಪೂರ್ತಿಯಾಗಿ ಹೋಗುವುದಿಲ್ಲ. ಸೆಕೆಂಡಿಗೆ 8000 ಬಾರಿ ಅಲೆಯ ಎತ್ತರವನ್ನು ಅಳೆದು, ಆ ಸಂಖ್ಯೆಗಳನ್ನಷ್ಟೇ ಕಳಿಸುತ್ತಾರೆ. ಎರಡು ಅಳತೆಗಳ ನಡುವಿನ ಅಂತರ 125 ಮೈಕ್ರೋಸೆಕೆಂಡ್. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಅಮೆರಿಕದ ಬೆಲ್ ಸಂಸ್ಥೆ 1962ರಲ್ಲಿ ಬಳಕೆಗೆ ತಂದ ಟಿ1 ಎಂಬ ಡಿಜಿಟಲ್ ಮಾರ್ಗದಲ್ಲಿ ಎರಡು ಜೋಡಿ ತಂತಿಗಳ ಮೇಲೆ 24 ಮಂದಿಯ ಮಾತು ಹೋಗುತ್ತಿತ್ತು. ಪ್ರತಿಯೊಬ್ಬರ ದನಿಯನ್ನೂ ಸೆಕೆಂಡಿಗೆ 8000 ಬಾರಿ ಅಳೆಯುತ್ತಿದ್ದರು. ಅದಕ್ಕೂ ಮೊದಲಿನ ದೂರದ ಲೈನ್‌ಗಳಲ್ಲಿ ಒಂದೊಂದು ಮಾತಿಗೂ 4000 ಹರ್ಟ್ಜ್ ಅಗಲದ ಜಾಗ ಕೊಡುವ ಪದ್ಧತಿ ಇತ್ತು. 8000 ಅದರ ಸರಿಯಾಗಿ ಎರಡರಷ್ಟು. ಈ ‘ಎರಡರಷ್ಟು’ ಎಲ್ಲಿಂದ ಬಂತು ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಈಗ ಒಂದು ಬಾಚಣಿಗೆಯನ್ನು ಕಲ್ಪಿಸಿಕೊಳ್ಳಿ. ಅದರ ಹಲ್ಲುಗಳು ಕಾಲದ ಗೆರೆಯ ಮೇಲೆ 125 ಮೈಕ್ರೋಸೆಕೆಂಡ್‌ಗೆ ಒಂದರಂತೆ ನಿಂತಿವೆ. ಎಡಕ್ಕೂ ಕೊನೆಯಿಲ್ಲ, ಬಲಕ್ಕೂ ಕೊನೆಯಿಲ್ಲ. ಒಂದೊಂದು ಹಲ್ಲೂ ಒಂದು ಇಂಪಲ್ಸ್. ಅದರ ಅಗಲ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಎತ್ತರಕ್ಕೆ ಮಿತಿಯಿಲ್ಲ, ಆದರೆ ಎರಡೂ ಸೇರಿ ಆಗುವ ವಿಸ್ತೀರ್ಣ ಮಾತ್ರ ಸರಿಯಾಗಿ ಒಂದು. ಹಲ್ಲುಗಳ ನಡುವಿನ ಜಾಗದಲ್ಲಿ ಬಾಚಣಿಗೆಯ ಬೆಲೆ ಸೊನ್ನೆ.

ನಿಮ್ಮ ದನಿಯ ಅಲೆಯನ್ನು ಈ ಬಾಚಣಿಗೆಯಿಂದ ಗುಣಿಸಿ. ಹಲ್ಲಿಲ್ಲದ ಕಡೆ ಸೊನ್ನೆಯಿಂದ ಗುಣಿಸಿದ್ದರಿಂದ ಏನೂ ಉಳಿಯುವುದಿಲ್ಲ. ಹಲ್ಲಿರುವ ಕಡೆ, ಹಲ್ಲಿನ ವಿಸ್ತೀರ್ಣ ಆ ಕ್ಷಣದ ಅಲೆಯ ಎತ್ತರಕ್ಕೆ ಸಮನಾಗುತ್ತದೆ. ನಮಗೆ ಬೇಕಾಗಿದ್ದ ಅಳತೆಗಳು ಅಷ್ಟೂ ಸಿಕ್ಕವು, ಬೇರೇನೂ ಉಳಿಯಲಿಲ್ಲ. ಅಂದರೆ ಅಳೆಯುವ ಕೆಲಸವನ್ನು ಒಂದೇ ಒಂದು ಗುಣಾಕಾರವಾಗಿ ಬರೆದಂತಾಯಿತು.

ಇದೊಂದು ಬರವಣಿಗೆಯ ಚಮತ್ಕಾರ ಎನಿಸಬಹುದು. ನನಗೂ ಮೊದಲು ಓದುವಾಗ ಹಾಗೆಯೇ ಅನಿಸಿತ್ತು. ಲಾಭ ಕಾಣುವುದು ಮುಂದಿನ ಪ್ರಶ್ನೆ ಕೇಳಿದಾಗ: ಎಲ್ಲ ಸದ್ದುಗಳೂ ಅಲೆಗಳ ಮೊತ್ತವಾದರೆ, ಈ ಬಾಚಣಿಗೆಯೊಳಗೆ ಯಾವ ಯಾವ ಅಲೆಗಳಿವೆ?

ಬಾಚಣಿಗೆಯೊಳಗೆ ಮತ್ತೊಂದು ಬಾಚಣಿಗೆ

ಒಂದು ಸಿಗ್ನಲ್‌ನಲ್ಲಿ ನಿರ್ದಿಷ್ಟ ಫ್ರೀಕ್ವೆನ್ಸಿಯ ಅಲೆ ಎಷ್ಟಿದೆ ಎಂದು ತಿಳಿಯುವ ವಿಧಾನ ಸರಳ. ಆ ಅಲೆಯನ್ನು ಸಿಗ್ನಲ್‌ಗೆ ಗುಣಿಸಿ, ಬಂದದ್ದನ್ನೆಲ್ಲ ಕೂಡಬೇಕು. ಹೊಂದಿಕೆ ಇದ್ದರೆ ಮೊತ್ತ ಬೆಳೆಯುತ್ತಾ ಹೋಗುತ್ತದೆ, ಇಲ್ಲದಿದ್ದರೆ ಹೆಚ್ಚು ಕಡಿಮೆಗಳು ಪರಸ್ಪರ ಹೊಡೆದುಹೋಗುತ್ತವೆ. ಫೋರಿಯರ್ ಟ್ರಾನ್ಸ್‌ಫಾರ್ಮ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇದೇ ವಿಚಾರಣೆ.

ಬಾಚಣಿಗೆಗೆ ಈ ವಿಚಾರಣೆ ಇನ್ನೂ ಸುಲಭ. ಹಲ್ಲಿರುವ ಕ್ಷಣಗಳನ್ನು ಬಿಟ್ಟರೆ ಉಳಿದೆಲ್ಲ ಸೊನ್ನೆ. ಹಾಗಾಗಿ ಪ್ರತಿ ಹಲ್ಲಿನ ಜಾಗದಲ್ಲಿ ಅಲೆಯ ಎತ್ತರ ಎಷ್ಟೆಂದು ನೋಡಿ ಕೂಡಿದರೆ ಸಾಕು.

ಮೊದಲು 5000 ಹರ್ಟ್ಜ್ ಅಲೆಯನ್ನು ತೆಗೆದುಕೊಳ್ಳೋಣ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅದು ಒಂದು ಸುತ್ತಿನ ಎಂಟರಲ್ಲಿ ಐದು ಭಾಗ, ಅಂದರೆ 225 ಡಿಗ್ರಿ ಮುಂದೆ ಹೋಗಿರುತ್ತದೆ. ಎಂಟು ಹಲ್ಲುಗಳ ಬಳಿ ಅದರ ಎತ್ತರ ಹೀಗೆ ಬರುತ್ತದೆ:

1, −0.707, 0, 0.707, −1, 0.707, 0, −0.707

ಕೂಡಿ ನೋಡಿ, ಮೊತ್ತ ಸೊನ್ನೆ. ಮುಂದಿನ ಎಂಟಕ್ಕೂ ಇದೇ ಪಟ್ಟಿ ಪುನರಾವರ್ತನೆಯಾಗುತ್ತದೆ. ಎಷ್ಟು ದೂರ ಹೋದರೂ ಮೊತ್ತ ಬೆಳೆಯುವುದಿಲ್ಲ. ಬಾಚಣಿಗೆಯಲ್ಲಿ 5000 ಹರ್ಟ್ಜ್ ಇಲ್ಲ ಎಂದಾಯಿತು.

ಈಗ 8000 ಹರ್ಟ್ಜ್ ಅಲೆ. ಒಂದು ಹಲ್ಲಿನಿಂದ ಇನ್ನೊಂದಕ್ಕೆ ಅದು ಸರಿಯಾಗಿ ಒಂದು ಸುತ್ತು ಮುಗಿಸುತ್ತದೆ. ಆದ್ದರಿಂದ ಪ್ರತಿ ಹಲ್ಲಿನ ಬಳಿಯೂ ಅದರ ಎತ್ತರ 1. ಮೊತ್ತ 1, 2, 3 ಎಂದು ಏರುತ್ತಲೇ ಹೋಗುತ್ತದೆ. 16000 ಹರ್ಟ್ಜ್ ಎರಡು ಸುತ್ತು ಮುಗಿಸುತ್ತದೆ, 24000 ಮೂರು ಸುತ್ತು. ಅವುಗಳಿಗೂ ಪ್ರತಿ ಹಲ್ಲಿನ ಬಳಿ 1. ಯಾವುದಕ್ಕೂ ಹೆಚ್ಚಿಲ್ಲ, ಯಾವುದಕ್ಕೂ ಕಡಿಮೆಯಿಲ್ಲ. ಕಂಪಿಸದೆ ನಿಂತಿರುವ, ಅಂದರೆ ಸೊನ್ನೆ ಹರ್ಟ್ಜ್‌ನ ಸ್ಥಿರ ಬೆಲೆಗೂ ಇದೇ ಫಲ. ಇವುಗಳ ನಡುವೆ ಬರುವ ಉಳಿದ ಯಾವ ಫ್ರೀಕ್ವೆನ್ಸಿಗೂ ಜಾಗವಿಲ್ಲ.

ಇದನ್ನು ಫ್ರೀಕ್ವೆನ್ಸಿಯ ಗೆರೆಯ ಮೇಲೆ ಬರೆದರೆ ಏನು ಕಾಣುತ್ತದೆ? ಸೊನ್ನೆಯ ಬಳಿ ಒಂದು ಹಲ್ಲು, 8000ದ ಬಳಿ ಒಂದು, 16000ದ ಬಳಿ ಒಂದು, ಹೀಗೆ ಸಮಾನ ಅಂತರದಲ್ಲಿ, ಸಮಾನ ಬಲದಲ್ಲಿ, ಕೊನೆಯಿಲ್ಲದೆ. ಬಾಚಣಿಗೆಯ ಟ್ರಾನ್ಸ್‌ಫಾರ್ಮ್ ಮತ್ತೊಂದು ಬಾಚಣಿಗೆ! ಅಂತರ ಮಾತ್ರ ತಿರುವುಮುರುವು. ಕಾಲದಲ್ಲಿ ಹಲ್ಲುಗಳು ಹತ್ತಿರ ಬಂದಷ್ಟೂ ಫ್ರೀಕ್ವೆನ್ಸಿಯಲ್ಲಿ ದೂರ ಸರಿಯುತ್ತವೆ. ಸೆಕೆಂಡಿಗೆ 16000 ಬಾರಿ ಅಳೆದರೆ ಫ್ರೀಕ್ವೆನ್ಸಿಯ ಹಲ್ಲುಗಳು 16000 ಹರ್ಟ್ಜ್‌ಗೆ ಒಂದರಂತೆ ನಿಲ್ಲುತ್ತವೆ.

ಅನುಮಾನವಿದ್ದವರು ಉಲ್ಟಾ ದಾರಿಯಲ್ಲಿ ಪರೀಕ್ಷಿಸಬಹುದು. ಸ್ಥಿರ ಬೆಲೆ 1, ಅದಕ್ಕೆ 8000, 16000, 24000, 32000, 40000 ಹರ್ಟ್ಜ್‌ನ ಐದು ಅಲೆಗಳನ್ನು, ಒಂದೊಂದೂ 2 ಎತ್ತರದ್ದು, ಸೇರಿಸಿ. ಹಲ್ಲಿರಬೇಕಾದ ಜಾಗದಲ್ಲಿ ಎಲ್ಲವೂ ಒಟ್ಟಿಗೆ ಶಿಖರದಲ್ಲಿರುತ್ತವೆ, ಮೊತ್ತ 11. ಎರಡು ಹಲ್ಲುಗಳ ನಟ್ಟನಡುವೆ ಒಂದು ಕೆಳಗೆ ಎಳೆದರೆ ಇನ್ನೊಂದು ಮೇಲೆ ಎತ್ತುತ್ತದೆ, ಮೊತ್ತ ಬರೀ −1. ಐದರ ಬದಲು ಐವತ್ತು ಅಲೆಗಳಾದರೆ ಹಲ್ಲಿನ ಎತ್ತರ 101, ನಡುವೆ 1. ಅಲೆಗಳನ್ನು ಸೇರಿಸಿದಷ್ಟೂ ಹಲ್ಲು ಚೂಪಾಗುತ್ತದೆ. ನಡುವಿನ ಕುಲುಕಾಟ ಪೂರ್ತಿ ಮಾಯವಾಗುವುದಿಲ್ಲ. ಆದರೆ ಅದು ಎಷ್ಟು ವೇಗವಾಗುತ್ತದೆಂದರೆ, ಸರಾಸರಿ ತೆಗೆದರೆ ಏನೂ ಉಳಿಯುವುದಿಲ್ಲ. ‘ಸರಾಸರಿಯ ಅರ್ಥದಲ್ಲಿ ಸಮ’ ಎಂಬ ಈ ಮಾತಿಗೆ ಗಣಿತದ ಗಟ್ಟಿ ಅಡಿಪಾಯ ಹಾಕಿದವರು ಫ್ರಾನ್ಸಿನ ಲೋರಾನ್ ಶ್ವಾರ್ಟ್ಜ್. 1950ರಲ್ಲಿ ಅವರಿಗೆ ಫೀಲ್ಡ್ಸ್ ಪದಕ ಬಂದದ್ದು ಈ ಸಿದ್ಧಾಂತಕ್ಕಾಗಿ.

ಪಿಯುಸಿಯ ಒಂದು ಸೂತ್ರ ಸಾಕು

ಈಗ ಎರಡು ಎಳೆಗಳನ್ನು ಸೇರಿಸೋಣ. ಸ್ಯಾಂಪ್ಲಿಂಗ್ ಎಂದರೆ ಬಾಚಣಿಗೆಯಿಂದ ಗುಣಿಸುವುದು. ಬಾಚಣಿಗೆ ಎಂದರೆ 0, 8000, 16000, 24000 ಹರ್ಟ್ಜ್ ಅಲೆಗಳ ಮೊತ್ತ. ಹಾಗಾದರೆ ಸ್ಯಾಂಪ್ಲಿಂಗ್ ಮಾಡಿದಾಗ ನಿಮ್ಮ ದನಿ ಈ ಪ್ರತಿಯೊಂದು ಅಲೆಯಿಂದಲೂ ಗುಣಿಸಲ್ಪಡುತ್ತದೆ. ಎರಡು ಅಲೆಗಳನ್ನು ಗುಣಿಸಿದರೆ ಏನು ಬರುತ್ತದೆ ಎಂಬುದು ಪಿಯುಸಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನವೇ ಮರೆತ ಸೂತ್ರ:

2 cos A cos B = cos(A + B) + cos(A − B)

ಅಂದರೆ ಎರಡು ಫ್ರೀಕ್ವೆನ್ಸಿಗಳ ಗುಣಾಕಾರ ಕೊಡುವುದು ಅವುಗಳ ಕೂಡುವಿಕೆಯನ್ನು ಮತ್ತು ವ್ಯತ್ಯಾಸವನ್ನು.

ಸಾಮಾನ್ಯ ಮಾತಿನಲ್ಲಿರುವ 1000 ಹರ್ಟ್ಜ್‌ನ ಒಂದು ಅಲೆ ತೆಗೆದುಕೊಳ್ಳಿ. ಬಾಚಣಿಗೆಯ ಸ್ಥಿರ ಭಾಗದಿಂದ ಗುಣಿಸಿದಾಗ ಅದು 1000 ಆಗಿಯೇ ಉಳಿಯುತ್ತದೆ. 8000ದಿಂದ ಗುಣಿಸಿದಾಗ 7000 ಮತ್ತು 9000 ಹುಟ್ಟುತ್ತವೆ. 16000ದಿಂದ 15000 ಮತ್ತು 17000. ಮೂಲ ದನಿಯ ನಕಲುಗಳು ಬಾಚಣಿಗೆಯ ಪ್ರತಿ ಹಲ್ಲಿನ ಎರಡೂ ಪಕ್ಕದಲ್ಲಿ ಬಂದು ಕೂರುತ್ತವೆ. ಒಂದು ಪಕ್ಕದ ನಕಲು ನೇರವಾಗಿದ್ದರೆ, ಇನ್ನೊಂದು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದು. ಪುಸ್ತಕಗಳು ಇದನ್ನು ಕನ್ವಲ್ಯೂಷನ್ ಎನ್ನುತ್ತವೆ. ಪ್ರತಿ ಹಲ್ಲಿನ ಮೇಲೂ ಒಂದು ನಕಲು ಅಂಟಿಸುವುದು ಎಂದುಕೊಂಡರೆ ನಮ್ಮ ಕೆಲಸಕ್ಕೆ ಸಾಕು.

ನಕಲುಗಳು ಹುಟ್ಟುವುದು ಸಮಸ್ಯೆಯೇ ಅಲ್ಲ. ಕೇಳುವ ತುದಿಯಲ್ಲಿ 4000 ಹರ್ಟ್ಜ್‌ಗಿಂತ ಮೇಲಿನದನ್ನೆಲ್ಲ ತಡೆಯುವ ಫಿಲ್ಟರ್ ಇಟ್ಟರೆ 7000, 9000, 15000 ಎಲ್ಲವೂ ಹೋಗಿ ಮೂಲದ 1000 ಹಾಗೇ ಉಳಿಯುತ್ತದೆ. ಬರೀ ಬಿಡಿ ಬಿಡಿ ಅಳತೆಗಳಿಂದ ಪೂರ್ತಿ ಅಲೆ, ನಡುವಿನ ಖಾಲಿ ಜಾಗವೂ ಸೇರಿ, ಮರಳಿ ಸಿಕ್ಕಿತು. ಚುಕ್ಕಿಗಳ ನಡುವೆ ಏನಿತ್ತೆಂದು ಊಹೆ ಮಾಡಿದ್ದಲ್ಲ. ಫ್ರೀಕ್ವೆನ್ಸಿಯ ಕಡೆಯಿಂದ ನೋಡಿದರೆ ಮೂಲ ಕಳೆದೇ ಇರಲಿಲ್ಲ, ನಕಲುಗಳ ಜೊತೆ ಸೇರಿತ್ತು ಅಷ್ಟೇ.

5000 ಅಲಿಯಾಸ್ 3000

ಈಗ ನಿಮ್ಮ ‘ಎಸ್’ನಲ್ಲಿರುವ 5000 ಹರ್ಟ್ಜ್‌ನ ಅಲೆಯನ್ನು ಕತ್ತರಿಸದೆ ಹಾಗೆಯೇ ಒಳಗೆ ಬಿಡೋಣ. ಸ್ಥಿರ ಭಾಗ 5000 ಕೊಡುತ್ತದೆ. 8000ದಿಂದ ಗುಣಿಸಿದಾಗ ವ್ಯತ್ಯಾಸ 3000, ಕೂಡಿದರೆ 13000. 16000ದಿಂದ 11000 ಮತ್ತು 21000. ಪಟ್ಟಿ: 3000, 5000, 11000, 13000, ಹೀಗೆ ಮುಂದಕ್ಕೆ.

ನಿಜವಾದ 3000 ಹರ್ಟ್ಜ್ ಅಲೆಯನ್ನು ಬಿಟ್ಟಿದ್ದರೆ? ಸ್ಥಿರ ಭಾಗ 3000 ಕೊಡುತ್ತದೆ. 8000ದಿಂದ 5000 ಮತ್ತು 11000. 16000ದಿಂದ 13000 ಮತ್ತು 19000. ಪಟ್ಟಿ: 3000, 5000, 11000, 13000.

ಎರಡೂ ಒಂದೇ. ನಂಬಿಕೆ ಬರದಿದ್ದರೆ ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ತೆಗೆಯಿರಿ. 3000 ಹರ್ಟ್ಜ್ ಅಲೆ ಪ್ರತಿ ಅಳತೆಗೆ 135 ಡಿಗ್ರಿ ಮುಂದೆ ಹೋಗುತ್ತದೆ. 0, 135, 270, 405, 540 ಡಿಗ್ರಿಗಳ ಕೊಸೈನ್ ನೋಡಿದರೆ 1, −0.707, 0, 0.707, −1 ಎಂದು ಬರುತ್ತದೆ. ಮೇಲೆ 5000ಕ್ಕೆ ಬರೆದ ಪಟ್ಟಿಯೂ ಇದೇ ಅಲ್ಲವೇ? ಆ ತುದಿಗೆ ತಲುಪುವುದು ಈ ಸಂಖ್ಯೆಗಳು ಮಾತ್ರ. ಯಾವ ಅಲೆಯಿಂದ ಬಂದವು ಎಂದು ಹೇಳಲು ಅಲ್ಲಿರುವ ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಫಿಲ್ಟರ್ 4000ಕ್ಕಿಂತ ಕೆಳಗಿನದನ್ನು ಆರಿಸಿಕೊಂಡು 3000 ಹರ್ಟ್ಜ್ ನುಡಿಸುತ್ತದೆ. ನೀವು ಹೇಳದೇ ಇದ್ದ ಸದ್ದು ನಿಮ್ಮ ಮಾತಿನ ನಟ್ಟನಡುವೆ ಬಂದು ಕೂತಿರುತ್ತದೆ.

ಈ ದೋಷದ ಹೆಸರು ಏಲಿಯಾಸಿಂಗ್. ನಮ್ಮ ಕ್ರೈಂ ಸುದ್ದಿಗಳಲ್ಲಿ ಆರೋಪಿಯ ಎರಡು ಹೆಸರುಗಳ ನಡುವೆ ಬರುವ ಅದೇ ‘ಅಲಿಯಾಸ್’. ಇಷ್ಟು ಸರಿಯಾದ ತಾಂತ್ರಿಕ ಹೆಸರು ಅಪರೂಪ ಎಂದೇ ಹೇಳಬೇಕು.

ಗಡಿ ಎಲ್ಲಿ ಎಂಬುದೂ ಈಗ ಸ್ಪಷ್ಟ. ಮೂಲದ ಮೇಲಿನ ತುದಿ ಮತ್ತು ಮೊದಲ ಕನ್ನಡಿ ನಕಲಿನ ಕೆಳಗಿನ ತುದಿ ಎದುರಾಗುವುದು 8000ದ ಅರ್ಧದಲ್ಲಿ, 4000 ಹರ್ಟ್ಜ್‌ನಲ್ಲಿ. ಆಮೇಲೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಅಳತೆಯ ವೇಗ ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ಎರಡರಷ್ಟಕ್ಕಿಂತ ಹೆಚ್ಚಿರಬೇಕು ಎಂಬ ಪ್ರಸಿದ್ಧ ನಿಯಮ ಇದೇ. ಬಾಚಣಿಗೆಯ ಚಿತ್ರ ಕಣ್ಣ ಮುಂದಿದ್ದರೆ ಅದನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇಲ್ಲ.

ಕತ್ತರಿಸುವ ಫಿಲ್ಟರ್ ಅಳತೆಗಿಂತ ಮೊದಲೇ ಏಕಿರಬೇಕು ಎಂಬುದಕ್ಕೂ ಉತ್ತರ ಸಿಕ್ಕಿತು. ಅಳತೆಯ ನಂತರ 5000 ಮತ್ತು 3000 ಒಂದೇ ಆಗಿಬಿಟ್ಟಿರುತ್ತವೆ. ಒಂದನ್ನು ತೆಗೆಯಲು ಹೋದರೆ ಇನ್ನೊಂದೂ ಹೋಗುತ್ತದೆ. ಇನ್ನು 4000ದ ಬದಲು 3400ರಲ್ಲೇ ನಿಲ್ಲಿಸುವುದೇಕೆ? ಗೋಡೆಯಂತೆ ನೇರವಾಗಿ ಕತ್ತರಿಸುವ ಫಿಲ್ಟರ್ ಯಾರಿಂದಲೂ ಮಾಡಲಾಗದು. ಅದರ ಕತ್ತರಿ ಇಳಿಜಾರಾಗಿಯೇ ಇಳಿಯುತ್ತದೆ. ಮಾತು 3400ಕ್ಕೆ ಮುಗಿದರೆ ಮೊದಲ ನಕಲು ಶುರುವಾಗುವುದು 8000ದಿಂದ 3400 ಕಳೆದು 4600ರಲ್ಲಿ. ನಡುವಿನ 1200 ಹರ್ಟ್ಜ್ ಖಾಲಿ ಜಾಗ ಆ ಇಳಿಜಾರಿಗೆ ಬಿಟ್ಟುಕೊಟ್ಟದ್ದು. ನಿಮ್ಮ ‘ಸ’ ಬಲಿಯಾದದ್ದು ಈ ಲೆಕ್ಕದಲ್ಲಿ.

ವೇಷ ಹಿಡಿಯುವುದು ಹೇಗೆ?

ರೆಕಾರ್ಡಿಂಗ್‌ನಲ್ಲಿ 3000 ಹರ್ಟ್ಜ್ ಸದ್ದು ಕಂಡರೆ ಅದು ಅಸಲಿಯೋ ವೇಷವೋ? ಅಳತೆಗಳನ್ನು ಎಷ್ಟು ದಿಟ್ಟಿಸಿದರೂ ತಿಳಿಯದು. ಆದರೆ ಅಳೆಯುವ ವೇಗ ಬದಲಿಸಿ ಮತ್ತೆ ಅಳೆಯುವ ಅವಕಾಶ ಇದ್ದರೆ ಗುಟ್ಟು ಬಯಲಾಗುತ್ತದೆ. ಬಾಚಣಿಗೆಯ ಹಲ್ಲು ಸರಿದರೆ ನಕಲೂ ಅದರ ಜೊತೆ ಸರಿಯಬೇಕು. ಸೆಕೆಂಡಿಗೆ 9000 ಬಾರಿ ಅಳೆಯಿರಿ. ಅಸಲಿ 3000 ಅಲ್ಲಾಡದೆ 3000ದಲ್ಲೇ ಇರುತ್ತದೆ. ವೇಷದ 3000 ಮಾತ್ರ 9000ದಿಂದ 5000 ಕಳೆದು 4000ಕ್ಕೆ ಜಿಗಿಯುತ್ತದೆ. ಇನ್ನೊಂದು ಪರೀಕ್ಷೆ: ಒಳಗೆ ಬಿಡುವ ಸದ್ದಿನ ಫ್ರೀಕ್ವೆನ್ಸಿಯನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಹೊರಗೆ ಬರುವ ಸದ್ದು ಒಂದು ಹಂತದವರೆಗೆ ಏರಿ, ಆಮೇಲೆ ಇಳಿಯತೊಡಗಿದರೆ ಮೊದಲಿನ ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂದರ್ಥ.

ಕಿವಿಯ ಬದಲು ಕಣ್ಣಿಗೆ ಕಾಣಬೇಕೆಂದರೆ ಸೀಲಿಂಗ್ ಫ್ಯಾನ್ ಸಾಕು. ನಿಮಿಷಕ್ಕೆ 350 ಸುತ್ತು ತಿರುಗುವ ಮೂರು ರೆಕ್ಕೆಯ ಫ್ಯಾನ್ ಅನ್ನು ಸೆಕೆಂಡಿಗೆ 30 ಫ್ರೇಮ್‌ಗಳ ವಿಡಿಯೋ ಮಾಡಿದರೆ, ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ರೆಕ್ಕೆ 70 ಡಿಗ್ರಿ ಮುಂದೆ ಹೋಗಿರುತ್ತದೆ. ಆದರೆ ರೆಕ್ಕೆಗಳು 120 ಡಿಗ್ರಿಗೆ ಒಂದರಂತೆ ಇವೆ, ಮೂರೂ ನೋಡಲು ಒಂದೇ ಥರ. ಹಾಗಾಗಿ 70 ಡಿಗ್ರಿ ಮುಂದೆ ಹೋದದ್ದೂ 50 ಡಿಗ್ರಿ ಹಿಂದೆ ಬಂದದ್ದೂ ಒಂದೇ ಚಿತ್ರ. ಕಣ್ಣು ಹತ್ತಿರದ ದಾರಿಯನ್ನು ಆರಿಸಿಕೊಳ್ಳುತ್ತದೆ, ಫ್ಯಾನ್ ಹಿಮ್ಮುಖವಾಗಿ ತಿರುಗಿದಂತೆ ಕಾಣುತ್ತದೆ. ಕಾಲದ ಬಾಚಣಿಗೆ ಇಲ್ಲಿ ಕ್ಯಾಮೆರಾದ ಫ್ರೇಮ್‌ಗಳು.

ನಿಜವಾದ ಹಲ್ಲಿಗೆ ಅಗಲವಿದೆ

ಅಗಲವೇ ಇಲ್ಲದ ಹಲ್ಲು, ಕೊನೆಯೇ ಇಲ್ಲದ ಸಾಲು, ಎರಡೂ ಜಗತ್ತಿನಲ್ಲಿಲ್ಲ. ಹಾಗಾದರೆ ಮೇಲಿನ ಲೆಕ್ಕವೆಲ್ಲ ಸುಳ್ಳೇ? ಇಲ್ಲ, ಆದರೆ ಎರಡು ತಿದ್ದುಪಡಿಗಳು ಬೇಕು. ಮಾತು ಎಲ್ಲೋ ಶುರುವಾಗಿ ಎಲ್ಲೋ ಮುಗಿಯುವುದರಿಂದ ಫ್ರೀಕ್ವೆನ್ಸಿಯ ಹಲ್ಲುಗಳು ತುಸು ಮೊಂಡಾಗುತ್ತವೆ. ಕೆಲವು ಸೆಕೆಂಡುಗಳ ಮಾತಿನಲ್ಲಿ ಸಾವಿರಾರು ಅಳತೆಗಳಿರುವುದರಿಂದ ಇದು ಲೆಕ್ಕಕ್ಕೆ ಬರುವಷ್ಟಿಲ್ಲ.

ಎರಡನೆಯದು ಕಿವಿಗೆ ತಾಗುವಂಥದ್ದು. ಕೇಳುವ ತುದಿಯಲ್ಲಿ ಸಂಖ್ಯೆಯನ್ನು ಮತ್ತೆ ವೋಲ್ಟೇಜ್ ಮಾಡುವಾಗ ಚೂಪಾದ ಹಲ್ಲಿನ ಬದಲು, ಮುಂದಿನ ಅಳತೆ ಬರುವವರೆಗೂ ಅದೇ ಮಟ್ಟವನ್ನು ಹಿಡಿದಿಡುವುದು ಸುಲಭದ ವಿಧಾನ. ಆಗ ಅಲೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಹೀಗೆ 125 ಮೈಕ್ರೋಸೆಕೆಂಡ್ ಪೂರ್ತಿ ಹಿಡಿದರೆ ಕೆಳಗಿನ ಫ್ರೀಕ್ವೆನ್ಸಿಗಳಿಗೆ ಏನೂ ಆಗುವುದಿಲ್ಲ, ಆದರೆ 3400 ಹರ್ಟ್ಜ್ ಅಲೆಯ ಎತ್ತರ ಸುಮಾರು ಶೇ 73ಕ್ಕೆ ಕುಸಿಯುತ್ತದೆ. ಮೊದಲೇ ಮೊಂಡಾದ ದನಿ ಇನ್ನಷ್ಟು ಮಂಕಾಗುತ್ತದೆ. ಕುಸಿತ ಎಷ್ಟೆಂದು ಮೊದಲೇ ಗೊತ್ತಿರುವುದರಿಂದ ಫಿಲ್ಟರ್‌ನಲ್ಲಿ ಆ ಭಾಗವನ್ನು ಅಷ್ಟೇ ಎತ್ತಿ ಸರಿಪಡಿಸುತ್ತಾರೆ. ಏಲಿಯಾಸಿಂಗ್‌ಗೆ ಇಂಥ ಚಿಕಿತ್ಸೆ ಇಲ್ಲ ಎಂಬುದೇ ಎರಡರ ನಡುವಿನ ವ್ಯತ್ಯಾಸ.

ಅಂದಹಾಗೆ, ಬಾಚಣಿಗೆ ಎಂಬ ಹೆಸರು ರೇಡಾರ್ ಲೋಕದಿಂದ ಬಂದದ್ದು. ಬ್ರಿಟನ್ನಿನ ರೇಡಾರ್ ಗಣಿತಜ್ಞ ಫಿಲಿಪ್ ವುಡ್‌ವರ್ಡ್ 1953ರ ತಮ್ಮ ಪುಸ್ತಕದಲ್ಲಿ ಅದನ್ನು ಚಿಹ್ನೆಯಾಗಿ ಬಳಸಿದರು. ಆಮೇಲೆ ರೇಡಿಯೋ ಖಗೋಳ ವಿಜ್ಞಾನಿ ರೊನಾಲ್ಡ್ ಬ್ರೇಸ್‌ವೆಲ್ ಇದಕ್ಕೆ ರಷ್ಯನ್ ಲಿಪಿಯ ‘Ш’ ಅಕ್ಷರವನ್ನು ಆರಿಸಿಕೊಂಡರು. ಅಕ್ಷರವನ್ನು ನೋಡಿದರೆ ಕಾರಣ ಹೇಳಬೇಕಿಲ್ಲ, ಮೂರು ಹಲ್ಲುಗಳು ಮೇಲೆ ಮಾಡಿ ನಿಂತಿವೆ.

ಈಗಿನ ವೋಲ್ಟಿ ಕರೆಗಳಲ್ಲಿ ಕೆಲವೊಮ್ಮೆ ಆ ಕಡೆಯವರು ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳುವುದನ್ನು ಗಮನಿಸಿರಬಹುದು. ಎಚ್‌ಡಿ ವಾಯ್ಸ್ ಎಂಬ ಈ ವ್ಯವಸ್ಥೆಯಲ್ಲಿ ಅಳತೆ ಸೆಕೆಂಡಿಗೆ 16000 ಬಾರಿ, ಉಳಿಸಿಕೊಳ್ಳುವುದು ಸುಮಾರು 7000 ಹರ್ಟ್ಜ್‌ವರೆಗೆ. ಮೊದಲ ನಕಲು 9000ದಿಂದ ಶುರು, 5000 ಹರ್ಟ್ಜ್‌ನ ‘ಸ’ ತನ್ನ ಹೆಸರಿನಲ್ಲೇ ದಾಟುತ್ತದೆ. ಆದರೆ ಎರಡೂ ಫೋನುಗಳು, ನಡುವಿನ ಜಾಲ, ಎಲ್ಲವೂ ಇದಕ್ಕೆ ಸಿದ್ಧವಿರಬೇಕು. ದಾರಿಯಲ್ಲಿ ಎಲ್ಲಾದರೂ 8000ದ ಹಳೆಯ ಮಾರ್ಗವೊಂದು ಸಿಕ್ಕರೆ ಅದರ ಬಾಗಿಲಲ್ಲೇ ಮತ್ತೆ 3400ರ ಕತ್ತರಿ ಬೀಳುತ್ತದೆ. ಮನೆಯವರ ಜೊತೆ ಮಾತಾಡುವಾಗ ಸ್ಪಷ್ಟವಾಗಿದ್ದ ಅದೇ ಫೋನ್, ಸಹಾಯವಾಣಿಗೆ ಕರೆ ಮಾಡಿದ ಕೂಡಲೇ ಮಂಕಾಗುವುದಕ್ಕೆ ಇದೂ ಒಂದು ಕಾರಣ.